ಅಮ್ಮನ ಎಡಗಣ್ಣು ಎರಡೂವರೆ ವರ್ಷದಿಂದ ಸೋರುತ್ತಿದೆ. ಪೊರೆ ಆಪರೇಷನ್ ಈಗಲೇ ಬೇಡ ಅಂದರು, ಯಾಕೆ?

ಡೊಂಬಿವಲಿ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ. ನಮ್ಮ ಜೊತೆ ಡೊಂಬಿವಲಿಯಲ್ಲೇ ಇದ್ದಾರೆ. ಎರಡೂವರೆ ವರ್ಷದಿಂದ ಎಡಗಣ್ಣಲ್ಲಿ ನೀರು ನಿಲ್ಲುತ್ತಲೇ ಇಲ್ಲ. ಅಳುತ್ತಿದ್ದಾರೆ ಅಂದುಕೊಂಡು ಪಕ್ಕದ ಮನೆಯವರು ಬಂದು ವಿಚಾರಿಸಿದ್ದೂ ಇದೆ. ಸೆರಗಿನ ತುದಿಯಲ್ಲಿ ಒರೆಸಿ ಒರೆಸಿ ಕಣ್ಣಿನ ಕೆಳಗೆ ಚರ್ಮ ಕೆಂಪಾಗಿ ಸುಲಿದಿದೆ. ಬೆಳಗ್ಗೆ ಏಳುವಾಗ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದ ಮೇಲೆಯೇ ಕಣ್ಣು ಬಿಡಲು ಆಗುವುದು.

ಮೊದಲು ಅಲರ್ಜಿ ಅಂತ ಡ್ರಾಪ್ಸ್ ಕೊಟ್ಟರು. ಆಮೇಲೆ ಕನ್ನಡಕ ಬದಲಾಯಿಸಿದರು. ಹೋದ ತಿಂಗಳು ಒಂದು ಕ್ಯಾಂಪಿನಲ್ಲಿ ಪೊರೆ ಬಂದಿದೆ, ಆಪರೇಷನ್ ಆದರೆ ನೀರೂ ನಿಲ್ಲುತ್ತೆ ಅಂತ ಹೇಳಿ ತಾರೀಕೂ ಕೊಟ್ಟರು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಬೇರೆ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಟಾರ್ಚು ಹಿಡಿಯುವ ಮೊದಲೇ ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ ಬೆರಳಿಟ್ಟು ಒತ್ತಿದರು. ರೆಪ್ಪೆ ಅಂಚಿನ ಸಣ್ಣ ತೂತಿನಿಂದ ಬಿಳಿ ಕೀವಿನಂಥದ್ದು ಬಂತು. ನನಗೆ ನೋಡಲು ಆಗಲಿಲ್ಲ. ಆಮೇಲೆ ಆ ತೂತಿಗೆ ಮೊಂಡು ಸೂಜಿಯಿಂದ ನೀರು ಹಾಕಿದರು. ಪೇಪರಿನಲ್ಲಿ ಎಡಗಣ್ಣು ಎನ್‌ಎಲ್‌ಡಿ ಬ್ಲಾಕ್, ಮೊದಲು ಡಿಸಿಆರ್, ಕ್ಯಾಟರ್ಯಾಕ್ಟ್ ಆಮೇಲೆ ಅಂತ ಬರೆದಿದ್ದಾರೆ. ಎನ್‌ಎಲ್‌ಡಿ ಅಂದರೆ ಕಣ್ಣೀರು ಮೂಗಿಗೆ ಇಳಿಯುವ ನಾಳ, ಡಿಸಿಆರ್ ಅಂದರೆ ಕಣ್ಣೀರಿಗೆ ಮೂಗಿಗೆ ಹೊಸ ದಾರಿ ಮಾಡುವ ಆಪರೇಷನ್ ಅಂತೆ.

ನೀರು ಸುರಿಯುತ್ತೆ ಅಂತ ಪೊರೆ ಆಪರೇಷನ್ ಯಾಕೆ ನಿಲ್ಲಿಸಬೇಕು? ಮೂಗಿನ ಮೂಳೆ ಕತ್ತರಿಸುತ್ತಾರಂತೆ. ಅಮ್ಮ ಅದನ್ನು ಕೇಳಿಯೇ ಊಟ ಬಿಟ್ಟಿದ್ದಾರೆ. ಯಾರಿಗಾದರೂ ಇದರ ಅನುಭವ ಇದೆಯಾ?

ಠಾಣೆ ಹೋಟೆಲ್ ಮಾವ

ಮಗಳೇ, ಆಪರೇಷನ್ನಿಗೆ ಅವಸರ ಮಾಡಬೇಡ. ನನ್ನ ಮೊಮ್ಮಗನಿಗೆ ಹುಟ್ಟಿದಾಗಿನಿಂದ ಇದೇ ತೊಂದರೆ ಇತ್ತು. ಅದೇ ಜಾಗ, ಅದೇ ಪಿಸುರು. ಡಾಕ್ಟರ್ ಮಸಾಜ್ ಹೇಳಿಕೊಟ್ಟರು. ಒಳಮೂಲೆಯಲ್ಲಿ ಬೆರಳಿಟ್ಟು ಮೂಗಿನ ಕಡೆಗೆ ಕೆಳಗೆ ಒತ್ತುವುದು, ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ನಾಲ್ಕು ಸಲ. ಎಂಟು ತಿಂಗಳಿಗೆಲ್ಲ ಪೂರ್ತಿ ವಾಸಿ. ನಿಮ್ಮ ಅಮ್ಮನಿಗೂ ಮೂರು ತಿಂಗಳು ಮಾಡಿ ನೋಡು.

ಪುಣೆ ಸಿಸ್ಟರ್

ಮಗಳೇ, ನಾನು ಧಾರವಾಡದ ಕಡೆಯವಳು. ಇಪ್ಪತ್ತಾರು ವರ್ಷ ಕಣ್ಣಿನ ಥಿಯೇಟರಿನಲ್ಲಿ ನರ್ಸ್ ಆಗಿದ್ದೆ. ಈಗ ಕೋಥ್ರೂಡಿನಲ್ಲಿ ಮಗನ ಮನೆಯಲ್ಲಿ ಇದ್ದೇನೆ. ಡಿಸಿಆರ್ ಎಷ್ಟು ನೋಡಿದ್ದೇನೆ ಅಂದರೆ ಲೆಕ್ಕ ಇಟ್ಟಿಲ್ಲ. ನಿಮ್ಮ ಎರಡನೇ ಡಾಕ್ಟರ್ ಒಳ್ಳೆ ಕೆಲಸ ಮಾಡಿದ್ದಾರೆ. ಬೆರಳಿಟ್ಟು ಒತ್ತಿ ನೋಡಿದ್ದಾರಲ್ಲ, ಅದೇ ಮುಖ್ಯ.

ಪೊರೆ ಆಪರೇಷನ್ನಿನಲ್ಲಿ ಕಣ್ಣಿನ ಒಳಗೆ ಹೋಗುತ್ತಾರೆ. ಕೊಯ್ತ ಎರಡು ಮೂರು ಮಿಲಿಮೀಟರ್ ಅಷ್ಟೇ, ಆದರೂ ಅದು ಒಳಗಿನ ದಾರಿ. ಅದರ ಪಕ್ಕದಲ್ಲೇ, ಮೂಗಿನ ಬದಿಯ ಕಣ್ಣೀರಿನ ಚೀಲದಲ್ಲಿ ಕೀವು ನಿಂತಿದೆ. ಆಪರೇಷನ್ ಮುಂಚೆ ಕಣ್ಣಿಗೆ ಅಯೊಡಿನ್ ಹಾಕಿ ತೊಳೆಯುತ್ತೇವೆ, ಆದರೆ ಚೀಲದ ಒಳಗೆ ಅದು ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮತ್ತೆ ಕೀವು ಜಿನುಗಿ ಕಣ್ಣಿಗೆ ಬರುತ್ತದೆ. ಆ ಕ್ರಿಮಿ ಕಣ್ಣೊಳಗೆ ಹೋದರೆ ಎರಡು ಮೂರು ದಿನದಲ್ಲಿ ಇಡೀ ಕಣ್ಣು ಕೀವಾಗಬಹುದು. ದೃಷ್ಟಿಯೇ ಹೋಗಬಹುದು. ಅಂಥ ಒಬ್ಬರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಚೀಲವನ್ನು ಆಪರೇಷನ್ನಿಗೆ ಮುಂಚೆ ಯಾರೂ ಒತ್ತಿ ನೋಡಿರಲಿಲ್ಲ. ಪೊರೆಗೆ ಒಂದೆರಡು ತಿಂಗಳು ಕಾದರೆ ಏನೂ ಆಗುವುದಿಲ್ಲ. ಕೀವಿನ ಚೀಲ ಪಕ್ಕದಲ್ಲಿ ಇಟ್ಟುಕೊಂಡು ಕಣ್ಣು ತೆರೆಯುವುದು ಮಾತ್ರ ಬೇಡವೇ ಬೇಡ.

ಹೋಟೆಲ್ ಮಾವ ಹೇಳಿದ್ದು ಕೂಸುಗಳಿಗೆ ಸರಿ. ಕೂಸಿಗೆ ನಾಳದ ಕೆಳತುದಿಯಲ್ಲಿ ಒಂದು ತೆಳು ಪದರ ಹರಿಯದೆ ಉಳಿದಿರುತ್ತದೆ. ಒತ್ತಿದರೆ ಒಳಗಿನ ನೀರಿನ ಒತ್ತಡಕ್ಕೆ ಅದು ಹರಿಯುತ್ತದೆ. ಬಹಳಷ್ಟು ಕೂಸುಗಳಿಗೆ ವರ್ಷ ತುಂಬುವುದರೊಳಗೆ ತಾನೇ ತೆರೆದುಕೊಳ್ಳುತ್ತದೆ. ದೊಡ್ಡವರಿಗೆ ಹಾಗಲ್ಲ. ವರ್ಷಾನುಗಟ್ಟಲೆ ಉರಿಯೂತ ಆಗಿ ನಾಳದ ಗೋಡೆಯೇ ದಪ್ಪವಾಗಿ, ಗಾಯ ಮಾಗಿದ ಹಾಗೆ ಕೂಡಿಕೊಂಡಿರುತ್ತದೆ. ಒತ್ತಿದರೆ ಹರಿಯಲು ಅಲ್ಲಿ ಆ ಪದರವೇ ಇಲ್ಲ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ನಾಳಕ್ಕೆ ತಂತಿ ಹಾಕಿ ಚುಚ್ಚಿದರೂ ದೊಡ್ಡವರಲ್ಲಿ ಸ್ವಲ್ಪ ದಿನಕ್ಕೆ ಮತ್ತೆ ಮುಚ್ಚುತ್ತದೆ.

ಠಾಣೆ ಹೋಟೆಲ್ ಮಾವ

ಸಿಸ್ಟರ್, ಹಾಗಾದರೆ ಒತ್ತುವುದರಿಂದ ಏನೂ ಪ್ರಯೋಜನ ಇಲ್ಲವಾ? ನನ್ನ ಅತ್ತಿಗೆ ಒತ್ತಿಕೊಂಡರೆ ಹಗುರ ಆಗುತ್ತೆ ಅನ್ನುತ್ತಿದ್ದರು.

ಪುಣೆ ಸಿಸ್ಟರ್

ಹಗುರ ಆಗುತ್ತೆ, ಅದು ನಿಜ. ಚೀಲ ಖಾಲಿಯಾಗುತ್ತದಲ್ಲ. ಡಾಕ್ಟರ್ ಹೇಳಿದ್ದರೆ ಕೈ ತೊಳೆದುಕೊಂಡು ಮೆಲ್ಲಗೆ ಒತ್ತಿ, ಬಂದದ್ದನ್ನು ಒರೆಸಿ ಡ್ರಾಪ್ಸ್ ಹಾಕಬಹುದು. ಸಂಜೆಗೆ ಮತ್ತೆ ತುಂಬುತ್ತದೆ, ಅಷ್ಟೇ. ದಾರಿ ತೆರೆಯುವುದಿಲ್ಲ. ಊದಿಕೊಂಡು ಕೆಂಪಾಗಿದ್ದರೆ ಮುಟ್ಟಲೇ ಬಾರದು.

ವಾಸ್ಕೋ ರೈಡರ್

ನಾನು ಗೋವಾದಲ್ಲಿ ಇದ್ದೇನೆ, 44 ವರ್ಷ. ವಾಸ್ಕೋದಿಂದ ವೆರ್ಣಾಗೆ ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ನನಗೂ ಕಣ್ಣಲ್ಲಿ ನೀರು ಬರುತ್ತೆ, ಎರಡೂ ಕಣ್ಣಲ್ಲಿ. ಗಾಳಿಗೆ ಜಾಸ್ತಿ, ಆಫೀಸಿನ ಎಸಿಯಲ್ಲಿ ಕಂಪ್ಯೂಟರ್ ಮುಂದೆಯೂ ಬರುತ್ತೆ. ಇದನ್ನೆಲ್ಲ ಓದಿ ಹೆದರಿಕೆ ಆಯಿತು. ನಾನೂ ಡಿಸಿಆರ್ ಮಾಡಿಸಬೇಕಾ? ಖರ್ಚು ಎಷ್ಟಾಗುತ್ತೆ?

ಪುಣೆ ಸಿಸ್ಟರ್

ತಡೀರಿ, ಖರ್ಚಿನ ತನಕ ಹೋಗಬೇಡಿ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನಿಸುತ್ತದೆಯಾ, ಉರಿ ಇದೆಯಾ? ಬೆಳಗ್ಗೆ ಪಿಸುರು ಕಟ್ಟುತ್ತದೆಯಾ?

ವಾಸ್ಕೋ ರೈಡರ್

ಮರಳು ಬಿದ್ದ ಹಾಗೆ ಅನಿಸುತ್ತೆ, ಹೌದು. ಸಂಜೆ ಉರಿ. ಪಿಸುರು ಇಲ್ಲ.

ಪುಣೆ ಸಿಸ್ಟರ್

ಹಾಗಾದರೆ ನಿಮ್ಮ ಕಣ್ಣು ಒಣಗಿರುವ ಸಾಧ್ಯತೆಯೇ ಜಾಸ್ತಿ. ಒಣಗಿದ ಕಣ್ಣಲ್ಲಿ ನೀರು ಬರುತ್ತೆ ಅಂದರೆ ಜನ ನಂಬುವುದಿಲ್ಲ. ಕಣ್ಣಿನ ಮೇಲ್ಮೈ ಒಣಗಿ ಚುರುಗುಟ್ಟಿದಾಗ ಗ್ರಂಥಿ ಒಂದೇ ಸಲ ಜಾಸ್ತಿ ನೀರು ಸುರಿಸುತ್ತದೆ. ಅಷ್ಟನ್ನು ಎಳೆದುಕೊಳ್ಳಲು ನಾಳಕ್ಕೆ ಆಗುವುದಿಲ್ಲ, ಕೆನ್ನೆಗೆ ಇಳಿಯುತ್ತದೆ. ಮುಖ ಮುಚ್ಚುವ ಹೆಲ್ಮೆಟ್ ಹಾಕಿ. ಆದರೂ ಒಮ್ಮೆ ತೋರಿಸಿ. ರೆಪ್ಪೆಯ ತೂತಿಗೆ ನೀರು ಹಾಕಿ ನೋಡುವ ಸಿರಿಂಜಿಂಗ್ ಮಾಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಡೊಂಬಿವಲಿ ಮಗಳು

ಸಿಸ್ಟರ್, ಆ ನೀರು ಹಾಕುವ ಪರೀಕ್ಷೆಯಲ್ಲಿ ನಿಜವಾಗಿ ಏನು ನೋಡುತ್ತಾರೆ? ಅಮ್ಮನಿಗೆ ಗಂಟಲಿಗೆ ಬಂತಾ, ಉಪ್ಪು ಅನಿಸ್ತಾ ಅಂತ ಮೂರು ಸಲ ಕೇಳಿದರು. ಅಮ್ಮ ಮೂರು ಸಲವೂ ಇಲ್ಲ ಅಂದರು. ಸರಿಯಾಗಿ ಹೇಳಿದರೋ ಇಲ್ಲವೋ ಅಂತ ಈಗ ಅನುಮಾನ.

ಪುಣೆ ಸಿಸ್ಟರ್

ಅಮ್ಮ ಸರಿಯಾಗಿಯೇ ಹೇಳಿದ್ದಾರೆ. ಇದನ್ನು ನಿಧಾನವಾಗಿ ಹೇಳುತ್ತೇನೆ. ನಿಮ್ಮ ಕೈಯಲ್ಲಿರುವ ಪೇಪರು ನಿಂತಿರುವುದು ಈ ಪರೀಕ್ಷೆಯ ಮೇಲೆ.

ಕನ್ನಡಿ ಹಿಡಿದು ಕೆಳರೆಪ್ಪೆಯನ್ನು ಒಳಮೂಲೆಯ ಹತ್ತಿರ ಸ್ವಲ್ಪ ಹೊರಗೆ ಮಡಚಿ ನೋಡಿ. ಸೂಜಿ ಮೊನೆಯಷ್ಟು ಒಂದು ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದು ಇದೆ. ಎರಡರಿಂದಲೂ ಒಂದೊಂದು ಸಣ್ಣ ನಾಳ ಹೊರಟು, ಮೂಗಿನ ಪಕ್ಕದ ಚೀಲಕ್ಕೆ ಸೇರುತ್ತದೆ. ಚೀಲದಿಂದ ದೊಡ್ಡ ನಾಳ ಮೂಳೆಯ ಒಳಗೇ ಇಳಿದು ಮೂಗಿಗೆ ತೆರೆದುಕೊಳ್ಳುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ.

ಡ್ರಾಪ್ಸ್ ಹಾಕಿ ಮರಗಟ್ಟಿಸಿ, ಕೆಳಗಿನ ತೂತಿಗೆ ಮೊಂಡು ಸೂಜಿ ಇಟ್ಟು ಸಲೈನ್ ಒತ್ತುತ್ತಾರೆ. ದಾರಿ ಇದ್ದರೆ ಮೂಗಿಗೆ ಇಳಿದು ಗಂಟಲಿಗೆ ಬರುತ್ತದೆ, ಉಪ್ಪುಪ್ಪು ಅನಿಸುತ್ತದೆ. ರೋಗಿ ಗುಟುಕು ನುಂಗುವುದು ನಮಗೆ ಕಾಣುತ್ತದೆ. ಹಾಗಾಗಿ ಬಾಯಿಮಾತಿನ ಮೇಲೆ ಮಾತ್ರ ನಂಬಿಕೆ ಇಡುವುದಿಲ್ಲ. ಗಂಟಲಿಗೆ ಬರದಿದ್ದರೆ, ನೀರು ಎಲ್ಲಿಂದ ವಾಪಸ್ ಬಂತು ಅನ್ನುವುದು ಮುಖ್ಯ. ಹಾಕಿದ ತೂತಿನಿಂದಲೇ ತಕ್ಷಣ ಚಿಮ್ಮಿದರೆ ತಡೆ ರೆಪ್ಪೆಯ ಸಣ್ಣ ನಾಳದಲ್ಲಿ. ಕೆಳಗಿನಿಂದ ಹಾಕಿದ್ದು ಮೇಲಿನ ತೂತಿನಿಂದ ಬಂದರೆ, ನೀರು ಎರಡೂ ನಾಳ ಕೂಡುವ ಜಾಗದವರೆಗಾದರೂ ಹೋಗಿ ತಿರುಗಿದೆ ಅಂತ. ಹಾಗೆ ಬರುವಾಗ ಜೊತೆಗೆ ಲೋಳೆ, ಕೀವು ಬಂದರೆ ಅದು ಚೀಲವನ್ನು ತೊಳೆದುಕೊಂಡು ಬಂದಿದೆ. ಅಂದರೆ ತಡೆ ಚೀಲದಿಂದ ಕೆಳಗೆ. ಅಮ್ಮನಿಗೆ ಎಲ್ಲಿಂದ ಬಂತು ಅಂತ ನೋಡಿದಿರಾ?

ಡೊಂಬಿವಲಿ ಮಗಳು

ಮೇಲಿನಿಂದ. ಡಾಕ್ಟರೇ ನನ್ನನ್ನು ಕರೆದು ತೋರಿಸಿದರು. ನೀರಿನ ಜೊತೆ ಎಳೆ ಎಳೆಯಾಗಿ ಲೋಳೆ ಬಂತು. ಹತ್ತಿಯಲ್ಲಿ ತೆಗೆದರೆ ದಾರದ ಹಾಗೆ ಉದ್ದ ಎಳೆಯುತ್ತಿತ್ತು.

ಪುಣೆ ಸಿಸ್ಟರ್

ಹಾಗಿದ್ದರೆ ಡಿಸಿಆರ್‌ಗೆ ಸರಿಯಾದ ಕೇಸು. ಮೇಲಿನ ಸಣ್ಣ ನಾಳಗಳು ಚೆನ್ನಾಗಿವೆ, ಚೀಲ ಇದೆ, ಕೆಳಗಿನ ದಾರಿ ಮಾತ್ರ ಹೋಗಿದೆ. ಮುಂಬೈಯವರಿಗೆ ಚಾಳಿನ ಮೋರಿ ಗೊತ್ತಲ್ಲ? ಗೋಡೆಯೊಳಗಿನ ಪೈಪು ಪೂರ್ತಿ ಕಟ್ಟಿಕೊಂಡರೆ ಅದನ್ನು ಕೆದಕುತ್ತಾ ಕೂರುವುದಿಲ್ಲ, ಗೋಡೆಗೆ ತೂತು ಕೊರೆದು ನೀರನ್ನು ನೇರ ಹೊರಗೆ ಬಿಡುತ್ತಾರೆ. ಡಿಸಿಆರ್ ಹಾಗೇ. ಚೀಲಕ್ಕೂ ಮೂಗಿಗೂ ನಡುವೆ ಇರುವುದು ಒಂದು ಮೂಳೆಯ ಗೋಡೆ. ಅದರಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರಿನಷ್ಟು ಕಿಟಕಿ ಮಾಡಿ, ಚೀಲವನ್ನು ಸೀಳಿ ಮೂಗಿನ ಒಳಪದರಕ್ಕೆ ಕೂಡಿಸುತ್ತಾರೆ. ಕಣ್ಣೀರು ಹಳೇ ನಾಳ ಬಿಟ್ಟು ಈ ಕಿಟಕಿಯಿಂದ ಮೂಗಿಗೆ ಬೀಳುತ್ತದೆ. ಮೂಗಿನ ಆಕಾರಕ್ಕೆ ಏನೂ ಆಗುವುದಿಲ್ಲ ಅಂತ ಅಮ್ಮನಿಗೆ ಹೇಳಿ, ಊಟ ಮಾಡಲಿ.

ಕಿಟಕಿ ಇಷ್ಟು ದೊಡ್ಡದು ಯಾಕೆ ಅಂದರೆ, ಮಾಗುತ್ತಾ ಅದು ಕುಗ್ಗಿ ಕೊನೆಗೆ ಕೆಲವೇ ಮಿಲಿಮೀಟರ್ ಉಳಿಯುತ್ತದೆ. ಚಿಕ್ಕದಾಗಿ ಮಾಡಿದರೆ ಪೂರ್ತಿ ಮುಚ್ಚಿಹೋಗುತ್ತದೆ.

ಮುಲುಂಡ್ ಅಕ್ಕ

ನನಗೆ ಈ ಆಪರೇಷನ್ ಆಗಿದೆ, ಬಲಗಣ್ಣಿಗೆ. ಮೂಗಿನ ಒಳಗಿಂದ ಕ್ಯಾಮೆರಾ ಹಾಕಿ ಮಾಡಿದರು. ಹೊರಗೆ ಒಂದು ಗೀರೂ ಇಲ್ಲ. ಈಗ ಇದೇ ಹೊಸ ಪದ್ಧತಿ. ಹೊರಗಿಂದ ಕೊಯ್ಯುವುದು ಹಳೇದು, ಅದಕ್ಕೆ ಒಪ್ಪಲೇಬೇಡಿ. ನನಗೆ ಮೂಗಿನ ನಡುಗೋಡೆ ಸೊಟ್ಟ ಇತ್ತು, ಅದನ್ನೂ ಒಟ್ಟಿಗೇ ಸರಿ ಮಾಡಿದರು.

ಪುಣೆ ಸಿಸ್ಟರ್

ಅಕ್ಕ, ನಿಮಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಮೂಗಿನ ಒಳಗಿಂದ ಅನ್ನುವುದು ಹೊಸ ಯೋಚನೆ ಅಲ್ಲ. 1893ರಲ್ಲೇ ಅಮೆರಿಕದ ಕಾಲ್ಡ್‌ವೆಲ್ ಅದನ್ನು ಬರೆದಿದ್ದರು. ಆಗ ಒಳಗೆ ಸರಿಯಾಗಿ ಕಾಣುತ್ತಿರಲಿಲ್ಲ. 1904ರಲ್ಲಿ ಇಟಲಿಯ ಟೋಟಿ ಹೊರಗಿಂದ ಮಾಡಿ ತೋರಿಸಿದರು, ಅದೇ ರೂಢಿಗೆ ಬಂತು. ಎಂಡೋಸ್ಕೋಪ್ ಬಂದ ಮೇಲೆ ಒಳಗಿನ ದಾರಿಗೆ ಮತ್ತೆ ಜೀವ ಬಂತು. ನುರಿತ ಕೈಯಲ್ಲಿ ಎರಡೂ ಹತ್ತರಲ್ಲಿ ಒಂಬತ್ತು ಜನಕ್ಕೆ ಫಲ ಕೊಡುತ್ತವೆ. ಹೊರಗಿಂದ ಮಾಡಿದರೆ ಮೂಗಿನ ಪಕ್ಕ ಒಂದು ಸೆಂಟಿಮೀಟರ್ ಚಿಲ್ಲರೆ ಗಾಯ. ಅಮ್ಮನ ವಯಸ್ಸಿನಲ್ಲಿ ಕನ್ನಡಕದ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಆರು ತಿಂಗಳಿಗೆ ಹುಡುಕಬೇಕು. ಹೊರಗಿಂದ ಮಾಡುವಾಗ ಚೀಲ ನೇರ ಕಣ್ಣಿಗೆ ಕಾಣುತ್ತದೆ, ಪದರಕ್ಕೆ ಪದರ ಹೊಲಿಯಬಹುದು.

ನಾನಾದರೆ ಯಾವ ಪದ್ಧತಿ ಅಂತ ಕೇಳುವುದಿಲ್ಲ. ನೀವು ಯಾವುದನ್ನು ಜಾಸ್ತಿ ಮಾಡುತ್ತೀರಿ ಅಂತ ಡಾಕ್ಟರನ್ನು ಕೇಳುತ್ತೇನೆ.

ಮುಲುಂಡ್ ಅಕ್ಕ

ನನಗೆ ಇದು ಒಪ್ಪಿಗೆ ಆಗಲಿಲ್ಲ ಸಿಸ್ಟರ್. ಮುಖದ ಮೇಲಿನ ಗಾಯ ಮುಖದ ಮೇಲಿನದ್ದೇ. 62 ಆದರೂ ಹೆಂಗಸಿಗೆ ಅದು ಬೇಡ ಅನಿಸಬಹುದು. ಅವರನ್ನೇ ಕೇಳಿ ಅಂತ ಮಾತ್ರ ಹೇಳುತ್ತೇನೆ.

ಪುಣೆ ಸಿಸ್ಟರ್

ಅದು ಸರಿ. ಅಮ್ಮನನ್ನೇ ಕೇಳಬೇಕು.

ಡೊಂಬಿವಲಿ ಮಗಳು (ಹದಿನೆಂಟು ದಿನದ ನಂತರ)

ತಾರೀಕು ಗೊತ್ತಾಗಿತ್ತು. ಆದರೆ ಮೊನ್ನೆ ರಾತ್ರಿ ಅಮ್ಮನಿಗೆ ಒಳಮೂಲೆಯಲ್ಲಿ ದಪ್ಪ ಬೀನ್ಸ್ ಕಾಳಿನಷ್ಟು ಊದಿಕೊಂಡು, ಬೆಳಗ್ಗೆಗೆ ಕೆಂಪಾಗಿ ಕಣ್ಣೇ ಮುಚ್ಚಿಹೋಯಿತು. ಮುಟ್ಟಲು ಬಿಡುತ್ತಿಲ್ಲ, ಜ್ವರ ಇದೆ. ಮತ್ತೆ ನೀರು ಹಾಕಿ ಕೀವು ತೆಗೆಯಿರಿ ಅಂತ ನಾನೇ ಡಾಕ್ಟರನ್ನು ಕೇಳಿದೆ. ಅವರು ಸುತರಾಂ ಆಗಲ್ಲ ಅಂದರು. ಮಾತ್ರೆ ಕೊಟ್ಟು ಎರಡು ದಿನಕ್ಕೆ ಬರಲು ಹೇಳಿದ್ದಾರೆ. ಯಾಕೆ ತೆಗೆಯಲಿಲ್ಲ?

ಠಾಣೆ ಹೋಟೆಲ್ ಮಾವ

ಅಯ್ಯೋ, ನಾನು ಒತ್ತಲು ಹೇಳಿದ್ದರಿಂದ ಹೀಗಾಯಿತಾ? ರಾತ್ರಿ ನಿದ್ದೆ ಬರಲಿಲ್ಲ ಮಗಳೇ.

ಡೊಂಬಿವಲಿ ಮಗಳು

ಇಲ್ಲ ಮಾವ, ಅಮ್ಮ ಒಂದು ದಿನವೂ ಒತ್ತಿಕೊಂಡಿಲ್ಲ. ನೀವು ಬೇಜಾರು ಮಾಡ್ಕೋಬೇಡಿ.

ಪುಣೆ ಸಿಸ್ಟರ್

ಮಾವ, ನಿಂತ ಕೀವು ಯಾವಾಗ ಬೇಕಾದರೂ ಹೀಗೆ ಕೆರಳಬಹುದು. ಮಗಳೇ, ಡಾಕ್ಟರ್ ಮಾಡಿದ್ದು ಸರಿ. ಕೆರಳಿದ ಚೀಲಕ್ಕೆ ಒತ್ತಡದಲ್ಲಿ ನೀರು ತುಂಬಿದರೆ ಸೋಂಕು ಸುತ್ತಲಿನ ಮಾಂಸಕ್ಕೆ ಹರಡುತ್ತದೆ. ಈಗ ಆ್ಯಂಟಿಬಯೋಟಿಕ್, ಬೆಚ್ಚಗಿನ ಶಾಖ. ಕೀವು ಒಂದೆಡೆ ಕೂಡಿ ಮೆತ್ತಗಾದರೆ ಅವರೇ ಸಣ್ಣ ಗೀರು ಹಾಕಿ ಬಿಡುತ್ತಾರೆ. ಮನೆಯಲ್ಲಿ ಸೂಜಿ ಚುಚ್ಚಬೇಡಿ. ತಾನಾಗಿ ಒಡೆದರೆ ಚರ್ಮದಲ್ಲಿ ಬಾಯಿ ಉಳಿದು, ಕಣ್ಣೀರು ಅಲ್ಲಿಂದಲೇ ಜಿನುಗುತ್ತಾ ಕೂರಬಹುದು.

ಒಂದು ಮಾತು ನೆನಪಿಡಿ. ಕಣ್ಣುಗುಡ್ಡೆ ಮುಂದೆ ಬಂದ ಹಾಗೆ ಕಂಡರೆ, ಕಣ್ಣು ತಿರುಗಿಸಲು ನೋವಾದರೆ, ದೃಷ್ಟಿ ಮಂಜಾದರೆ ಎರಡು ದಿನ ಕಾಯಬೇಡಿ, ಆಗಲೇ ಹೊರಡಿ.

ಮಾಟುಂಗಾ ಮೇಷ್ಟ್ರು

ಈ ಚರ್ಚೆ ಓದುತ್ತಿದ್ದೇನೆ. ಒಳಮೂಲೆಯಲ್ಲಿ ಗಂಟು ಇದ್ದರೆ ಅದು ಯಾವಾಗಲೂ ಇದೇ ಇರುತ್ತದೆಯಾ? ನನ್ನ ಗೆಳೆಯರೊಬ್ಬರಿಗೆ ಕಣ್ಣೀರಿನಲ್ಲಿ ರಕ್ತದ ಗೆರೆ ಬರುತ್ತಿತ್ತು.

ಪುಣೆ ಸಿಸ್ಟರ್

ರಕ್ತ ಬಂದರೆ ಅದು ಬೇರೆ ಲೆಕ್ಕ ಮೇಷ್ಟ್ರೇ. ಗಂಟು ಗಟ್ಟಿ ಇದ್ದು, ಒತ್ತಿದರೂ ಇಳಿಯದೆ, ಒಳಮೂಲೆಯ ಗೆರೆಯಿಂದ ಮೇಲಕ್ಕೆ ಬೆಳೆದಿದ್ದರೆ ಗಡ್ಡೆ ಇರಬಹುದಾ ಅಂತ ಸ್ಕ್ಯಾನ್ ಮಾಡಿಸಿಯೇ ಮುಂದೆ ಹೋಗುವುದು. ನಿಮ್ಮ ಗೆಳೆಯರು ತೋರಿಸಿದ್ದಾರೆ ತಾನೇ?

ಮಾಟುಂಗಾ ಮೇಷ್ಟ್ರು

ತೋರಿಸಿಲ್ಲ. ಇವತ್ತೇ ಫೋನ್ ಮಾಡುತ್ತೇನೆ.

ಡೊಂಬಿವಲಿ ಮಗಳು (ಐದು ವಾರದ ನಂತರ)

ಊತ ಹತ್ತು ದಿನದಲ್ಲಿ ಇಳಿಯಿತು. ಕಳೆದ ಬುಧವಾರ ಡಿಸಿಆರ್ ಆಯಿತು, ಹೊರಗಿಂದಲೇ. ಅಮ್ಮನೇ ಆರಿಸಿಕೊಂಡರು. ಆ ಡಾಕ್ಟರ್ ಹೊರಗಿಂದ ಮಾಡುವುದೇ ಜಾಸ್ತಿ ಅಂತ ಕೇಳಿದ ಮೇಲೆ ಗೀರಿನ ಚಿಂತೆ ನನಗೆ ಇಲ್ಲ ಅಂದರು.

ಅಮ್ಮ ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಅದನ್ನು ನಾನು ಮೊದಲ ದಿನ ಹೇಳಿಯೇ ಇರಲಿಲ್ಲ. ಹಳೇ ಚೀಟಿ ನೋಡಿ ಡಾಕ್ಟರೇ ಹಿಡಿದರು. ಹೃದಯದ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ, ನೀವೇ ನಿಲ್ಲಿಸಬೇಡಿ ಅಂದರು. ಮೂಗಿನ ಒಳಗೆ ರಕ್ತನಾಳ ಜಾಸ್ತಿ, ಈ ಆಪರೇಷನ್ನಿನಲ್ಲಿ ರಕ್ತವೇ ದೊಡ್ಡ ತಲೆನೋವಂತೆ. ಬಿಪಿ ಹತೋಟಿಗೆ ಬರುವವರೆಗೂ ಟೇಬಲ್ಲಿಗೆ ತೆಗೆದುಕೊಳ್ಳಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಜಾಗ ಮರಗಟ್ಟಿಸಿ ಮಂಪರಿಗೆ ಇಂಜೆಕ್ಷನ್ ಕೊಟ್ಟಿದ್ದರು. ನೋವಾಗಲಿಲ್ಲ, ಆದರೆ ಕಟಕಟ ಅಂತ ಮೂಳೆ ಕಚ್ಚುವ ಶಬ್ದ ಕೇಳಿಸಿತು ಅಂದರು ಅಮ್ಮ. ಮೂಗಿಗೆ ಗಾಜ್ ತುರುಕಿದ್ದರು, ಮರುದಿನ ತೆಗೆದರು. ಉಗುಳಿನಲ್ಲಿ ಎರಡು ದಿನ ರಕ್ತದ ಎಳೆ. ಕಣ್ಣಿನ ಸುತ್ತ ನೇರಳೆ ಹಣ್ಣಿನ ಬಣ್ಣ. ಎರಡು ದಿಂಬಿನ ಮೇಲೆ ಮಲಗಿಸುತ್ತಿದ್ದೇವೆ. ಬಿಸಿ ಚಹಾ ಎರಡು ದಿನ ಇಲ್ಲ ಅಂದದ್ದೇ ಅಮ್ಮನಿಗೆ ಕಷ್ಟವಾಗಿದ್ದು. ಸಿಂಬಳ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಬಿಡಬೇಕು ಅಂದಿದ್ದಾರೆ. ಒಳಗೆ ಸಿಲಿಕೋನಿನ ದಾರದಂಥ ಟ್ಯೂಬ್ ಇದೆ. ಎರಡೂ ತೂತಿನ ನಡುವೆ ಒಂದು ಸಣ್ಣ ಗೆರೆ ಹಾಗೆ ಕಾಣುತ್ತದೆ.

ಮುಲುಂಡ್ ಅಕ್ಕ

ಆ ಟ್ಯೂಬಿನ ಬಗ್ಗೆ ಹುಷಾರು. ನನಗೆ ಮೂರನೇ ವಾರ ಜೋರಾಗಿ ಸೀನು ಬಂತು, ಕಣ್ಣು ಉಜ್ಜಿದೆ. ಟ್ಯೂಬಿನ ಕುಣಿಕೆ ಹೊರಗೆ ಬಂದು ಕೆನ್ನೆ ಮೇಲೆ ನೇತಾಡಿತು. ಕಿತ್ತು ಬಿಸಾಡೋಣ ಅನಿಸಿತು. ನನ್ನ ಮಗ ತಡೆದು ಡಾಕ್ಟರಿಗೆ ಫೋನ್ ಮಾಡಿದ. ಎಳೆಯಬೇಡಿ, ಕತ್ತರಿಸಬೇಡಿ, ಮೂಗಿನ ಪಕ್ಕಕ್ಕೆ ಟೇಪ್ ಅಂಟಿಸಿ ಬನ್ನಿ ಅಂದರು. ಮೂಗಿನ ಒಳಗಿನ ತುದಿ ಹಿಡಿದು ಎರಡು ನಿಮಿಷದಲ್ಲಿ ಒಳಗೆ ಎಳೆದುಕೊಂಡರು.

ಪುಣೆ ಸಿಸ್ಟರ್

ಮುಲುಂಡ್ ಅಕ್ಕ ಹೇಳಿದ್ದು ಬಹಳ ಉಪಯೋಗದ ಮಾತು. ಜೋರಾಗಿ ಎಳೆದರೆ ಟ್ಯೂಬ್ ರೆಪ್ಪೆಯ ತೂತನ್ನೇ ಸೀಳುತ್ತದೆ. ಕಣ್ಣು ಒರೆಸುವಾಗ ಹೊರಗಿನಿಂದ ಮೂಗಿನ ಕಡೆಗೆ ಒರೆಸಬೇಕು. ಟ್ಯೂಬ್ ಎಲ್ಲರಿಗೂ ಬೇಕಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ನಾನು ಕೆಲಸ ಮಾಡಿದ ಒಬ್ಬರು ಎಲ್ಲರಿಗೂ ಹಾಕುತ್ತಿದ್ದರು, ಇನ್ನೊಬ್ಬರು ಬೇಕಾದವರಿಗೆ ಮಾತ್ರ. ಇಬ್ಬರ ರೋಗಿಗಳೂ ಚೆನ್ನಾಗಿಯೇ ಇದ್ದರು.

ವಾಸ್ಕೋ ರೈಡರ್

ನಾನೂ ತೋರಿಸಿದೆ. ಎರಡೂ ಕಣ್ಣಿಗೆ ನೀರು ಹಾಕಿದರು, ನೇರ ಗಂಟಲಿಗೆ ಬಂತು, ಉಪ್ಪು. ನಾಳ ಸರಿ ಇದೆ, ಕಣ್ಣು ಒಣಗಿದೆ ಅಂತಲೇ ಹೇಳಿದರು. ಡ್ರಾಪ್ಸ್ ಹಾಕುತ್ತಿದ್ದೇನೆ. ಉರಿ ಕಡಿಮೆ ಆಗಿದೆ. ಬೈಕಿನಲ್ಲಿ ನೀರು ಇನ್ನೂ ಬರುತ್ತೆ, ಪೂರ್ತಿ ನಿಂತಿಲ್ಲ.

ಡೊಂಬಿವಲಿ ಮಗಳು (ಮೂರು ತಿಂಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಏಳನೇ ದಿನ ಹೊಲಿಗೆ ತೆಗೆದು ನೀರು ಹಾಕಿದಾಗ ಅಮ್ಮ ಕುರ್ಚಿಯಲ್ಲೇ ಎದ್ದು ಕೂತು ಉಪ್ಪು, ಉಪ್ಪು ಅಂತ ಕೂಗಿದರು. ನನಗೆ ಅಲ್ಲೇ ಅಳು ಬಂತು. ಆರನೇ ವಾರಕ್ಕೆ ಟ್ಯೂಬ್ ತೆಗೆದರು. ಒತ್ತಿದರೆ ಕೀವು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಅದಾದ ಎರಡು ವಾರಕ್ಕೆ ಪೊರೆ ಆಪರೇಷನ್ ಆಯಿತು. ಈಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ.

ಒಂದು ಚಿಂತೆ ಮಾತ್ರ ಇದೆ. ಪಿಸುರು ಪೂರ್ತಿ ಹೋಗಿದೆ, ಆದರೆ ಲೋಕಲ್ ಟ್ರೇನಿನ ಬಾಗಿಲ ಹತ್ತಿರ ನಿಂತರೆ ಎಡಗಣ್ಣಲ್ಲಿ ಸ್ವಲ್ಪ ನೀರು ಬರುತ್ತದೆ. ಸಿಂಬಳ ಸೀಟಿದರೆ ಕಣ್ಣಿನ ಮೂಲೆಯಲ್ಲಿ ಗಾಳಿ ಬುಸ್ ಅನ್ನುತ್ತದಂತೆ. ಮತ್ತೆ ಮುಚ್ಚುತ್ತಿದೆಯಾ?

ಪುಣೆ ಸಿಸ್ಟರ್

ಗಾಳಿ ಬರುತ್ತದೆ ಅಂದರೆ ಕಿಟಕಿ ತೆರೆದಿದೆ. ಹೆದರಬೇಡಿ, ಜೋರಾಗಿ ಸೀಟದಿದ್ದರೆ ಸಾಕು. ಮುಚ್ಚುವುದಾದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿ. ಒಳಗೆ ಮಾಂಸ ಬೆಳೆದೋ, ಕಿಟಕಿ ಪಕ್ಕದ ಮೂಗಿನ ಗೋಡೆಗೆ ಅಂಟಿಕೊಂಡೋ. ಆಗ ನೀರಿನ ಜೊತೆ ಪಿಸುರು ವಾಪಸ್ ಬರುತ್ತದೆ, ಒತ್ತಿದರೆ ಕೀವು ಬರುತ್ತದೆ. ಅಮ್ಮನಿಗೆ ಅದಿಲ್ಲ.

ಮುಂದಿನ ಸಲ ಹೋದಾಗ ಬಣ್ಣದ ಡ್ರಾಪ್ಸ್ ಹಾಕಿ ನೋಡುತ್ತೀರಾ ಅಂತ ಕೇಳಿ. ಕಣ್ಣಿಗೆ ಹಳದಿ ಬಣ್ಣ ಬಿಟ್ಟು ಮೂಗಿನೊಳಗೆ ಎಂಡೋಸ್ಕೋಪ್ ಹಾಕಿದರೆ, ಕಿಟಕಿಯಿಂದ ಬಣ್ಣ ಇಳಿಯುವುದು ಕಾಣುತ್ತದೆ. ಸಿರಿಂಜಿನಲ್ಲಿ ನಾವು ಒತ್ತಿ ಕಳಿಸುತ್ತೇವೆ, ಇದರಲ್ಲಿ ಕಣ್ಣೀರು ತಾನಾಗಿ ಹೋಗುತ್ತದಾ ಅಂತ ಗೊತ್ತಾಗುತ್ತದೆ. ಕೆಲವರಿಗೆ ದಾರಿ ತೆರೆದಿದ್ದರೂ ವಯಸ್ಸಿಗೆ ಕೆಳರೆಪ್ಪೆ ಸಡಿಲಾಗಿ ನೀರನ್ನು ದಾರಿಗೆ ತಳ್ಳುವುದಿಲ್ಲ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಬಿಟ್ಟು ನೋಡಿ. ಕಣ್ಣು ಮಿಟುಕಿಸದೆಯೇ ತಟ್ಟನೆ ಕಣ್ಣಿಗೆ ಅಂಟಿತಾ, ಇಲ್ಲ ಜೋತು ನಿಂತಿತಾ?

ಡೊಂಬಿವಲಿ ಮಗಳು

ಈಗಷ್ಟೇ ನೋಡಿದೆ. ಸ್ವಲ್ಪ ಹೊತ್ತು ಜೋತೇ ನಿಲ್ಲುತ್ತದೆ. ಬಲಗಣ್ಣಲ್ಲೂ ಹಾಗೇ.

ಪುಣೆ ಸಿಸ್ಟರ್

ಹಾಗಾದರೆ ಅದನ್ನೂ ಹೇಳಿ ತೋರಿಸಿ. ಟ್ರೇನಿನ ಗಾಳಿಗೆ ಮಾತ್ರ ಬಂದರೆ ಏನೂ ಮಾಡಬೇಕಾಗಿಲ್ಲ ಅಂತಲೂ ಹೇಳಬಹುದು.

ಮಾಟುಂಗಾ ಮೇಷ್ಟ್ರು

ನನ್ನ ಗೆಳೆಯರಿಗೆ ಸ್ಕ್ಯಾನ್ ಆಗಿದೆ. ಚೀಲದಲ್ಲಿ ಏನೋ ಬೆಳೆದಿದೆ ಅಂದಿದ್ದಾರೆ, ತುಣುಕು ತೆಗೆದು ಕಳಿಸಿದ್ದಾರೆ. ವರದಿ ಬಂದಿಲ್ಲ.

ಈಗ ನನ್ನ ತಂದೆಯ ವಿಷಯ. 84 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಎರಡು ಮಾತ್ರೆ ನಿಲ್ಲಿಸುವ ಹಾಗಿಲ್ಲ. ಅವರಿಗೂ ಬಲಗಣ್ಣಲ್ಲಿ ಇದೇ ಕೀವು, ಪೊರೆಯೂ ಬಂದಿದೆ. ಡಾಕ್ಟರ್ ಹೊಸ ದಾರಿ ಬೇಡ, ಚೀಲವನ್ನೇ ತೆಗೆದುಬಿಡೋಣ ಅನ್ನುತ್ತಾರೆ. ಒಪ್ಪಬಹುದಾ?

ಪುಣೆ ಸಿಸ್ಟರ್

ಚೀಲ ತೆಗೆದರೆ ಕೀವಿನ ಮೂಲ ಹೋಗುತ್ತದೆ, ಪೊರೆ ಆಪರೇಷನ್ ಧೈರ್ಯವಾಗಿ ಮಾಡಬಹುದು. ಮೂಳೆ ಕೊರೆಯುವುದಿಲ್ಲ, ಮೂಗಿನ ಒಳಗೆ ಹೋಗುವುದಿಲ್ಲ, ರಕ್ತದ ಭಯ ಕಡಿಮೆ. ಆದರೆ ನೀರು ಸುರಿಯುವುದು ನಿಲ್ಲುವುದಿಲ್ಲ. ಕಣ್ಣೀರಿಗೆ ದಾರಿಯೇ ಇರುವುದಿಲ್ಲವಲ್ಲ. ವಯಸ್ಸಾದಂತೆ ಕಣ್ಣೀರೂ ಕಡಿಮೆಯಾಗುವುದರಿಂದ ಕೆಲವರಿಗೆ ಅಷ್ಟು ತೊಂದರೆ ಅನಿಸುವುದಿಲ್ಲ, ಕೆಲವರಿಗೆ ಅನಿಸುತ್ತದೆ. ಆಮೇಲೆ ಮನಸ್ಸು ಬದಲಾದರೆ ಡಿಸಿಆರ್ ಮಾಡಲು ಚೀಲ ಇರುವುದಿಲ್ಲ. ಗಾಜಿನ ಸಣ್ಣ ಕೊಳವೆ ಇಡುವ ಬೇರೆ ಆಪರೇಷನ್ ಒಂದಿದೆ, ಅದನ್ನು ಜೀವನಪರ್ಯಂತ ನೋಡಿಕೊಳ್ಳಬೇಕು.

ತಂದೆಯವರಿಗೆ ಜಾಸ್ತಿ ಕಾಡುವುದು ಯಾವುದು ಮೇಷ್ಟ್ರೇ, ಕೀವೋ ನೀರೋ?

ಮಾಟುಂಗಾ ಮೇಷ್ಟ್ರು

ಅವರು ಪೇಪರ್ ಓದಲು ಆಗುತ್ತಿಲ್ಲ ಅಂತ ಮಾತ್ರ ಹೇಳುತ್ತಾರೆ. ನೀರಿನ ಬಗ್ಗೆ ನಾನು ಕೇಳಿಯೇ ಇಲ್ಲ. ಇವತ್ತು ಸಂಜೆ ಕೇಳಿ ಬರೆಯುತ್ತೇನೆ.